7:40ರ ವ್ಯಾನು

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿಗಳನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಬಣ್ಣಬಣ್ಣದ ಸ್ಕೆಚ್ ಪೆನ್ನಿನಲ್ಲಿ, ತುಂಬ ಆಸೆಯಿಂದ ಬರೆದಿರುತ್ತಾರೆ. 6:00ಕ್ಕೆ ಏಳುವುದು, 6:10ಕ್ಕೆ ಹಲ್ಲುಜ್ಜುವುದು, 6:20ಕ್ಕೆ ಹಾಲು, 6:30ಕ್ಕೆ ಸ್ನಾನ. ಸೋಮವಾರ ಎಲ್ಲವೂ ಹಾಗೇ ನಡೆಯುತ್ತದೆ. ಮಂಗಳವಾರ ಕಾವೇರಿ ನೀರು ಬರುವ ದಿನ, ಮೋಟರ್ ಹಾಕಲು ಒಬ್ಬರು ಕೆಳಗೆ ಓಡಬೇಕು. ಬುಧವಾರ ಹಾಕಬೇಕಾದ ಬಿಳಿ ಯೂನಿಫಾರ್ಮ್ ಇನ್ನೂ ಒಗೆಯುವ ಬುಟ್ಟಿಯಲ್ಲೇ ಇರುತ್ತದೆ. ಗುರುವಾರದ ಹೊತ್ತಿಗೆ ಆ ಹಾಳೆಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಇದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಾರೆ, ನಮಗೆ ಶಿಸ್ತಿಲ್ಲ ಎನ್ನುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಪಟ್ಟಿಯಲ್ಲಿ ಹತ್ತು ಹೆಜ್ಜೆಗಳಿವೆ, ಒಂದು ಮುಗಿದ ಮೇಲೇ ಇನ್ನೊಂದು. ಪ್ರತಿ ಹೆಜ್ಜೆಯೂ ಹತ್ತರಲ್ಲಿ ಒಂಬತ್ತು ದಿನ ಸರಿಯಾದ ಹೊತ್ತಿಗೆ ನಡೆಯುತ್ತದೆ ಎಂದುಕೊಳ್ಳೋಣ. ಮಕ್ಕಳಿರುವ ಮನೆಗೆ ಇದು ಭಾರಿ ಉದಾರವಾದ ಅಂದಾಜು. ಆದರೂ ಹತ್ತೂ ಹೆಜ್ಜೆ ಸರಿಯಾಗಿ ಬೀಳುವುದು ನೂರು ದಿನದಲ್ಲಿ ಸುಮಾರು 35 ದಿನ ಮಾತ್ರ. ಮೂರರಲ್ಲಿ ಎರಡು ದಿನ ಕೆಡಲೇಬೇಕು ಎಂಬಂತೆ ಬರೆದ ಪಟ್ಟಿ ಅದು. ಒಂದು ಹೆಜ್ಜೆ ಐದು ನಿಮಿಷ ತಡವಾದರೆ ಉಳಿದವೆಲ್ಲ ಐದೈದು ನಿಮಿಷ ಜಾರುತ್ತವೆ, ಅಲ್ಲಿಂದ ಮುಂದೆ ಕೂಗಾಟ.

ಹಾಗಾದರೆ ಗಡಿಯಾರಕ್ಕೆ ಕಟ್ಟಬೇಕಾದದ್ದು ಎಷ್ಟು, ಬಿಡಬೇಕಾದದ್ದು ಎಷ್ಟು? ಒಂದು ಮನೆಯನ್ನು ಮುಂದಿಟ್ಟುಕೊಂಡು ನೋಡೋಣ. ಇದು ಯಾರದೋ ಒಬ್ಬರ ಮನೆಯಲ್ಲ, ಹಲವು ಮನೆಗಳನ್ನು ಕೂಡಿಸಿ ಕಟ್ಟಿದ್ದು. ಬೆಂಗಳೂರಿನ ವಿಜಯನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಂದೇ ಬಾತ್‌ರೂಮು. ಅಮ್ಮ ಎಂ.ಜಿ. ರಸ್ತೆಯ ಬ್ಯಾಂಕಿನಲ್ಲಿ, ಅಪ್ಪ ಪೀಣ್ಯದ ಕಾರ್ಖಾನೆಯೊಂದರ ಜನರಲ್ ಶಿಫ್ಟಿನಲ್ಲಿ. ದೊಡ್ಡವಳಿಗೆ ಎಂಟು ವರ್ಷ, ಅವಳ ಶಾಲೆಯ ವ್ಯಾನು ಬೆಳಿಗ್ಗೆ 7:40ಕ್ಕೆ ರಸ್ತೆಯ ತಿರುವಿಗೆ ಬರುತ್ತದೆ. ಚಿಕ್ಕವನಿಗೆ ನಾಲ್ಕು, ಅವನನ್ನು ಡೇಕೇರ್‌ಗೆ ಬಿಟ್ಟು ಅಮ್ಮ ಮೆಟ್ರೊ ಹತ್ತುತ್ತಾಳೆ. ಅಪ್ಪ 7:50ಕ್ಕೆ ಬೈಕಿನಲ್ಲಿ ಹೊರಡುತ್ತಾನೆ. ಮಧ್ಯಾಹ್ನದ ಮೇಲೆ ಮಕ್ಕಳಿಬ್ಬರೂ ಅದೇ ಡೇಕೇರ್‌ನಲ್ಲಿ ಇರುತ್ತಾರೆ. ಸಂಜೆ ಆರಕ್ಕೆ ಅಪ್ಪ ಕರೆತರುತ್ತಾನೆ, ಅಮ್ಮ ಮನೆ ಸೇರುವುದು ಏಳಕ್ಕೆ.

ಈ ಮನೆಯ ಬೆಳಗಿನಲ್ಲಿ ಯಾರು ಹೇಳಿದರೂ ಕದಲದ ಹೊತ್ತು ಒಂದೇ, 7:40. ಆರು ಗಂಟೆ, ಆರೂವರೆ ಎಲ್ಲ ನಾವೇ ಬರೆದುಕೊಂಡದ್ದು. ಆದ್ದರಿಂದ ಲೆಕ್ಕವನ್ನು ಏಳುವ ಹೊತ್ತಿನಿಂದ ಶುರುಮಾಡದೆ ವ್ಯಾನಿನಿಂದ ಹಿಂದಕ್ಕೆ ಎಣಿಸಬೇಕು. ಮೊದಲು ಮೂರು ದಿನ ಯಾವುದನ್ನೂ ಸುಧಾರಿಸಲು ಹೋಗದೆ, ಯಾವ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಮೊಬೈಲಿನಲ್ಲಿ ನೋಡಿ ಗುರುತು ಹಾಕಿಕೊಂಡರೆ ಸಾಕು.

ನೋಡಿ ಬರೆಯುವುದು ಯಾಕೆಂದರೆ ಊಹೆ ಯಾವಾಗಲೂ ಕಡಿಮೆಯೇ ಹೇಳುತ್ತದೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನು ಗುರುತಿಸಿ ಹೆಸರಿಟ್ಟಿದ್ದರು. 1994ರಲ್ಲಿ ಕೆನಡಾದ ಸಂಶೋಧಕರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ 34 ದಿನ ಎಂದರು, ಹಿಡಿದದ್ದು 55 ದಿನ. ಕೆಲಸ ಹೇಗೆ ಸಾಗಬೇಕೋ ಹಾಗೆ ಕಣ್ಣ ಮುಂದೆ ತಂದುಕೊಳ್ಳುತ್ತೇವೆ, ಹೋದ ಸಲ ಹೇಗೆ ಸಾಗಿತ್ತು ಎಂಬುದು ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ. ಮಗಳು ಏಳಲು ಐದು ನಿಮಿಷ ಎಂದು ಬರೆಯುವ ಅಪ್ಪನಿಗೆ ನಿನ್ನೆಯ ಹದಿನೈದು ನಿಮಿಷ ಮರೆತಿರುತ್ತದೆ.

ವಿಜಯನಗರದ ಮನೆಯಲ್ಲಿ ಬಂದ ಲೆಕ್ಕ ಹೀಗಿತ್ತು ಎನ್ನೋಣ. ತಿರುವಿನಲ್ಲಿ ನಿಂತಿರಬೇಕಾದದ್ದು 7:35ಕ್ಕೆ. ಶೂ, ಬ್ಯಾಗು ಹಾಕಿಕೊಂಡು ಇಳಿಯಲು 5 ನಿಮಿಷ, ತಿಂಡಿಗೆ 20, ಬಟ್ಟೆ ಮತ್ತು ಜಡೆಗೆ 10, ಸ್ನಾನಕ್ಕೆ 10, ಟಾಯ್ಲೆಟ್ಟು ಹಲ್ಲುಜ್ಜುವುದಕ್ಕೆ 15, ಹಾಸಿಗೆ ಬಿಡಲು 10. ಒಟ್ಟು 70 ನಿಮಿಷ. ಸಾಕ್ಸ್ ಕಾಣೆಯಾಗುವುದಕ್ಕೆ, ಹಾಲು ಚೆಲ್ಲುವುದಕ್ಕೆ, ತಮ್ಮ ಅಳುವುದಕ್ಕೆ ಒಂದು ಕಾಲು ಗಂಟೆ ಸೇರಿಸಿದರೆ 85. ಅಂದರೆ ಮಗು 6:10ಕ್ಕೆ ಏಳಬೇಕು. ಆದರೆ ಅಲಾರಂ ಇದ್ದದ್ದು 6:45ಕ್ಕೆ. ದಿನವೂ 35 ನಿಮಿಷದ ಸಾಲದಲ್ಲಿ ಶುರುವಾಗುತ್ತಿದ್ದ ಬೆಳಗು ಕೂಗಾಟವಿಲ್ಲದೆ ಮುಗಿಯುವುದಾದರೂ ಹೇಗೆ?

ಇಲ್ಲಿ ಅಲಾರಂ ಹಿಂದೆ ಸರಿಸುವುದು ಸುಲಭದ ಉಪಾಯ, ಆದರೆ ಅದನ್ನು ಕಡೆಗಿಟ್ಟುಕೊಳ್ಳುವುದು ಒಳ್ಳೆಯದು. ಮೊದಲು ಬಾತ್‌ರೂಮಿನ ಬಾಗಿಲ ಮುಂದೆ ನಿಂತು ನೋಡಬೇಕು. ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಪ್ಪನಿಗೆ ಇದು ಗೊತ್ತಿರುವ ವಿಚಾರವೇ. ಸಾಲಿನಲ್ಲಿ ಹತ್ತು ಯಂತ್ರಗಳಿದ್ದರೂ ಇಡೀ ಸಾಲಿನ ವೇಗವನ್ನು ತೀರ್ಮಾನಿಸುವುದು ಎಲ್ಲಕ್ಕಿಂತ ನಿಧಾನದ ಒಂದು ಯಂತ್ರ. ಉಳಿದವನ್ನು ಎಷ್ಟು ಚುರುಕುಗೊಳಿಸಿದರೂ ಲಾಭವಿಲ್ಲ. ಒಂದೇ ಬಾತ್‌ರೂಮಿನ ಮನೆಯಲ್ಲಿ ಆ ಯಂತ್ರ ಗೀಸರು. 15 ಲೀಟರಿನ, 2000 ವಾಟಿನ ಸಾಮಾನ್ಯ ಗೀಸರು 25 ಡಿಗ್ರಿಯ ನೀರನ್ನು 55 ಡಿಗ್ರಿಗೆ ಕಾಯಿಸಲು ಸುಮಾರು 16 ನಿಮಿಷ ತೆಗೆದುಕೊಳ್ಳುತ್ತದೆ. ತಣ್ಣೀರು ಬೆರೆಸಿದರೆ ಅದರಿಂದ ಸಿಗುವುದು ಎರಡು ಸಣ್ಣ ಬಕೆಟ್ ಬಿಸಿನೀರು. ಒಬ್ಬ ದೊಡ್ಡವರು ಸ್ನಾನ ಮುಗಿಸಿದರೆ ಮುಂದಿನವರು ಮತ್ತೆ ಕಾಲು ಗಂಟೆ ಕಾಯಬೇಕು. ನಾಲ್ಕು ಜನ 6:30ರಿಂದ 7:15ರ ಒಳಗೆ ಬಿಸಿನೀರು ಮೀಯುವುದು ಆಗದ ಮಾತು. ಯಾರು ಎಷ್ಟು ಚುರುಕಾಗಿದ್ದರೂ ನೀರು ಕಾಯುವ ಹೊತ್ತು ಕಡಿಮೆಯಾಗುವುದಿಲ್ಲ.

ಆದ್ದರಿಂದ ಮಕ್ಕಳಿಬ್ಬರ ಸ್ನಾನವನ್ನು ಸಂಜೆಗೆ ಹಾಕುವುದು. ಆಡಿ ಧೂಳು ಮೆತ್ತಿಕೊಂಡು ಬರುವ ಮಕ್ಕಳಿಗೆ ಸ್ನಾನ ಬೇಕಾಗಿರುವುದೂ ಆಗಲೇ. ಬೆಳಿಗ್ಗೆ ಮುಖ, ಕೈಕಾಲು ತೊಳೆದರೆ ಸಾಕು. ಅಜ್ಜಿ ಇರುವ ಮನೆಯಲ್ಲಿ ‘ಸ್ನಾನ ಮಾಡದೆ ತಿಂಡಿ ತಿನ್ನೋದೇ’ ಎಂಬ ಮಾತು ಬರುತ್ತದೆ. ಶುಕ್ರವಾರ ಮತ್ತು ಹಬ್ಬದ ದಿನ ಬೆಳಿಗ್ಗೆಯೇ ಸ್ನಾನ ಎಂದು ಒಪ್ಪಂದ ಮಾಡಿಕೊಳ್ಳಬಹುದು. ಈ ಒಂದು ಬದಲಾವಣೆಗೇ ದೊಡ್ಡವಳ 10 ನಿಮಿಷ ಉಳಿಯಿತು, ಸರದಿಗೆ ಕಾಯುವುದೂ ತಪ್ಪಿತು. ಈಗ ಅವಳು 6:20ಕ್ಕೆ ಎದ್ದರೆ ಸಾಕು.

6:20ಕ್ಕೆ ಏಳಬೇಕಾದರೆ ಮಲಗುವುದು ಯಾವಾಗ? ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತದೆ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ. ಅತಿ ಕಡಿಮೆ ಎಂದರೆ 9:20ಕ್ಕೆ ಕಣ್ಣು ಮುಚ್ಚಿರಬೇಕು, ಒಂಬತ್ತಕ್ಕೆ ದೀಪ ಆರಬೇಕು. ಬೆಳಿಗ್ಗೆ ಎಬ್ಬಿಸಲು ದಿನವೂ ಹದಿನೈದು ನಿಮಿಷ ಹೋರಾಡುತ್ತಿದ್ದರೆ, ರಜಾ ದಿನ ಮಗು ಎರಡು ಗಂಟೆ ಹೆಚ್ಚು ಮಲಗಿದರೆ, ತೊಂದರೆ ಇರುವುದು ರಾತ್ರಿಯಲ್ಲಿ ಎಂದು ತಿಳಿಯಬೇಕು. ಬಹಳ ಮನೆಗಳ ಬೆಳಗು ಕೆಡುವುದು ಹಿಂದಿನ ರಾತ್ರಿ ಹತ್ತು ಗಂಟೆಯ ಸುಮಾರಿಗೆ.

ಅಮ್ಮ ಬರುವ ಏಳರಿಂದ ಒಂಬತ್ತರವರೆಗಿನ ಎರಡು ಗಂಟೆಯೇ ನಿಜವಾದ ಇಕ್ಕಟ್ಟು. ಊಟ, ಹೋಂವರ್ಕು, ಆಫೀಸಿನ ಫೋನು, ಮಕ್ಕಳ ಮಾತು ಎಲ್ಲವೂ ಅಲ್ಲೇ ಬಂದು ಬೀಳುತ್ತವೆ. ಈ ಎರಡು ಗಂಟೆಯನ್ನೂ ನಿಮಿಷಗಳಾಗಿ ಹೆಚ್ಚಲು ಹೋದರೆ ಮತ್ತೆ ಅದೇ ಫ್ರಿಜ್ಜಿನ ಪಟ್ಟಿ. ಇಲ್ಲಿ ಬೇರೆ ದಾರಿ ಹಿಡಿಯಬಹುದು. ದಿನವೂ ಹೇಗೂ ನಡೆಯುವ ಒಂದು ಕೆಲಸದ ಬಾಲಕ್ಕೆ ಇನ್ನೊಂದು ಸಣ್ಣ ಕೆಲಸವನ್ನು ಗಂಟು ಹಾಕುವುದು. ‘ಎಂಟೂವರೆಗೆ ಬ್ಯಾಗ್ ಜೋಡಿಸಬೇಕು’ ಎನ್ನುವ ಬದಲು ‘ಊಟದ ತಟ್ಟೆ ಎತ್ತಿದ ಕೂಡಲೇ ಬ್ಯಾಗ್’ ಎನ್ನುವುದು. ಊಟ ಎಂಟಕ್ಕಾದರೂ ಎಂಟು ನಲವತ್ತಕ್ಕಾದರೂ ತಟ್ಟೆ ಎತ್ತುವುದಂತೂ ಇದ್ದೇ ಇದೆ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ 1999ರಲ್ಲಿ ಈ ಬಗೆಯ ಸಂಕಲ್ಪಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಬರೆದ. ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಗೊತ್ತುಮಾಡಿಕೊಂಡವರು ಬರೀ ‘ಮಾಡುತ್ತೇನೆ’ ಎಂದವರಿಗಿಂತ ಹೆಚ್ಚಾಗಿ ಕೆಲಸ ಮುಗಿಸುತ್ತಾರೆ ಎಂಬುದು ಅದರ ಸಾರ. ಸರದಿ ಶಿಫ್ಟಿನಲ್ಲಿ ದುಡಿಯುವ ನರ್ಸ್‌ಗಳಿಗೆ, ಬಸ್ ಕಂಡಕ್ಟರುಗಳಿಗೆ ಈ ದಾರಿಯೊಂದೇ ನಡೆಯುವುದು, ಅವರ ಗಡಿಯಾರವೇ ವಾರಕ್ಕೊಮ್ಮೆ ಬದಲಾಗುತ್ತದೆಯಲ್ಲ.

ಈ ಮನೆಗೆ ಅಂಥ ಗಂಟುಗಳು ಮೂರು ಸಾಕು. ಒಂದು, ಡೇಕೇರಿನ ಗೇಟಿನಲ್ಲಿ ಮಕ್ಕಳ ಕೈ ಹಿಡಿದ ಕೂಡಲೇ ಅಪ್ಪ ಶಾಲೆಯ ಡೈರಿಯನ್ನೂ ವಾಟ್ಸ್‌ಆ್ಯಪ್ ಗುಂಪನ್ನೂ ನೋಡುವುದು. ಜಾಗ ಮುಖ್ಯ. ‘ನಾಳೆ ಚಾರ್ಟ್ ಪೇಪರ್ ತರಬೇಕಂತೆ’ ಎಂಬ ಸುದ್ದಿ ರಾತ್ರಿ ಒಂಬತ್ತೂವರೆಗೆ ಹೊರಬಿದ್ದರೆ ಅದು ದುರಂತ. ಸಂಜೆ ಆರಕ್ಕೆ ಗೊತ್ತಾದರೆ ಸ್ಟೇಷನರಿ ಅಂಗಡಿ ದಾರಿಯಲ್ಲೇ ತೆರೆದಿರುತ್ತದೆ. ಎರಡು, ತಟ್ಟೆ ಎತ್ತಿದ ಮೇಲೆ ಬ್ಯಾಗು, ಐಡಿ ಕಾರ್ಡು, ಸಾಕ್ಸನ್ನು ಒಳಗೆ ತುರುಕಿದ ಶೂ, ನಾಳೆಯ ಯೂನಿಫಾರ್ಮು ಎಲ್ಲವನ್ನೂ ಬಾಗಿಲ ಹತ್ತಿರದ ಒಂದೇ ಕುರ್ಚಿಗೆ ತರುವುದು. ಎಂಟು ವರ್ಷದವಳು ಇದನ್ನು ತಾನೇ ಮಾಡಬಲ್ಲಳು, ಮೊದಲ ಎರಡು ವಾರ ಅಪ್ಪ ಪಕ್ಕದಲ್ಲಿ ನಿಂತಿರಬೇಕು ಅಷ್ಟೇ. ಮೂರು, ಹಾಲಿನ ಪಾತ್ರೆ ಫ್ರಿಜ್ಜಿಗೆ ಇಡುವಾಗ ನಾಳೆಯ ತಿಂಡಿಗೆ ಬೇಕಾದದ್ದನ್ನು ಕಣ್ಣಿಗೆ ಕಾಣುವ ಹಾಗೆ ಮುಂದಿಡುವುದು.

ನಾಲ್ಕನೆಯದನ್ನು ಸೇರಿಸುವ ಆಸೆ ಆಗುತ್ತದೆ, ಈಗಲೇ ಬೇಡ. 2010ರಲ್ಲಿ ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಗಾರರು ನಡೆಸಿದ ಅಧ್ಯಯನದಲ್ಲಿ ಒಂದು ಸಣ್ಣ ಕೆಲಸ ಯೋಚಿಸದೆಯೇ ಮಾಡುವಷ್ಟು ರೂಢಿಯಾಗಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕಾಗಬಹುದು ಎಂಬ ಲೆಕ್ಕ ಬಂತು. ‘21 ದಿನ ಮಾಡಿದರೆ ಅಭ್ಯಾಸ’ ಎಂಬ ಜನಪ್ರಿಯ ಮಾತಿಗೆ ಅಲ್ಲಿ ಆಧಾರ ಸಿಗಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಸಮಾಧಾನದ ಸಂಗತಿ ಇದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳುವುದಿಲ್ಲ.

ಅಡುಗೆಮನೆಯಲ್ಲಿ ನಿಮಿಷಗಳಿಗಿಂತ ಹೆಚ್ಚು ಕಾಡುವುದು ‘ನಾಳೆ ಏನು ತಿಂಡಿ’ ಎಂಬ ಪ್ರಶ್ನೆ. ಅದನ್ನು ವಾರದ ದಿನಗಳಿಗೆ ಹಂಚಿಬಿಟ್ಟರೆ ದಿನವೂ ಉತ್ತರ ಹುಡುಕಬೇಕಿಲ್ಲ. ದೋಸೆಹಿಟ್ಟಿನ ಸ್ವಭಾವವೇ ಇದಕ್ಕೆ ಒಳ್ಳೆಯ ದಾರಿ ತೋರಿಸುತ್ತದೆ. ಭಾನುವಾರ ಮಧ್ಯಾಹ್ನ ನೆನೆಹಾಕಿ ಸಂಜೆ ರುಬ್ಬಿದರೆ ಸೋಮವಾರ ಹೊಸ ಹಿಟ್ಟಿನ ಇಡ್ಲಿ. ಉಳಿದದ್ದು ಫ್ರಿಜ್ಜಿಗೆ, ಮಂಗಳವಾರ ದೋಸೆ. ಬುಧವಾರಕ್ಕೆ ಹುಳಿ ಏರಿರುತ್ತದೆ, ಈರುಳ್ಳಿ ಟೊಮೆಟೊ ಹಾಕಿ ಉತ್ತಪ್ಪ ಹೊಯ್ದರೆ ಆ ಹುಳಿ ರುಚಿಯೇ ಆಗುತ್ತದೆ. ಗುರುವಾರ ಅವಲಕ್ಕಿ ಅಥವಾ ಮೊದಲೇ ಹುರಿದಿಟ್ಟ ರವೆಯ ಉಪ್ಪಿಟ್ಟು. ಶುಕ್ರವಾರ, ಡಬ್ಬಿಯಲ್ಲಿ ಮಾಡಿಟ್ಟ ಪುಳಿಯೋಗರೆ ಗೊಜ್ಜು. ಡಿಸೆಂಬರ್ ಜನವರಿಯ ಬೆಂಗಳೂರು ಚಳಿಯಲ್ಲಿ ಹಿಟ್ಟು ರಾತ್ರಿಗೆ ಉಬ್ಬುವುದಿಲ್ಲ, ಆ ತಿಂಗಳುಗಳಲ್ಲಿ ಬೆಳಿಗ್ಗೆಯೇ ರುಬ್ಬಿಡಬೇಕು. ಇಲ್ಲದಿದ್ದರೆ ಸೋಮವಾರದ ಇಡ್ಲಿ ಕಲ್ಲು.

ಒಂದು ಎಚ್ಚರಿಕೆ ಹೇಳಿಯೇ ಮುಂದೆ ಹೋಗಬೇಕು. ರಾತ್ರಿ ಉಳಿದ ಅನ್ನದಲ್ಲಿ ಬೆಳಿಗ್ಗೆ ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕುವುದು ನಮ್ಮಲ್ಲಿ ಸಾಮಾನ್ಯ. ಆ ಅನ್ನವನ್ನು ರಾತ್ರಿಯೆಲ್ಲ ಕುಕ್ಕರಿನಲ್ಲೇ ಹೊರಗೆ ಬಿಟ್ಟಿರಬಾರದು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯ ಬೇಯಿಸಿದರೂ ಉಳಿಯುತ್ತದೆ, ಬೆಚ್ಚಗೆ ಬಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ. ಬೆಳಿಗ್ಗೆ ಒಗ್ಗರಣೆ ಹಾಕಿ ಬಿಸಿ ಮಾಡಿದರೆ ಆ ವಿಷ ಹೋಗುವುದಿಲ್ಲ. ಅದರ ಮೇಲೆ ಡಬ್ಬಿ ಮಧ್ಯಾಹ್ನದವರೆಗೆ ಬ್ಯಾಗಿನಲ್ಲಿರುತ್ತದೆ. ಅನ್ನ ಬೆಂದ ಎರಡು ಗಂಟೆಯೊಳಗೆ ಅದನ್ನು ಅಗಲ ಪಾತ್ರೆಗೆ ಹರವಿ ಆರಿಸಿ ಫ್ರಿಜ್ಜಿಗೆ ಇಟ್ಟರೆ ಈ ಭಯವಿಲ್ಲ.

ಇಷ್ಟೆಲ್ಲ ಹೇಳುವಾಗ ‘ಯಾರು’ ಎಂಬ ಪ್ರಶ್ನೆಯನ್ನು ಜಾರಿಸಿಬಿಡುವುದು ಸುಲಭ. ಹೆಚ್ಚಿನ ಸಮಯ ನಿರ್ವಹಣೆಯ ಸಲಹೆಗಳು ಹಾಗೇ ಮಾಡುತ್ತವೆ, ಕೊನೆಗೆ ಎಲ್ಲವೂ ಅಮ್ಮನ ಪಟ್ಟಿಗೆ ಸೇರುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮನೆಗೆಲಸ ಮಾಡುವ ಗಂಡಸರು 88 ನಿಮಿಷ. 2019ರಲ್ಲಿ ಈ ಅಂಕಿಗಳು 299 ಮತ್ತು 97 ಇದ್ದವು. ಐದು ವರ್ಷದಲ್ಲಿ ಇಬ್ಬರ ನಿಮಿಷಗಳೂ ಸ್ವಲ್ಪ ಇಳಿದಿವೆ, ನಡುವಿನ ಅಂತರ ಹೆಚ್ಚುಕಡಿಮೆ ಹಾಗೇ ಇದೆ.

ಈ ನಿಮಿಷಗಳಲ್ಲಿ ಕಾಣದ ಇನ್ನೊಂದು ಕೆಲಸವೂ ಇದೆ. ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ 2019ರಲ್ಲಿ ಅದನ್ನು ನಾಲ್ಕಾಗಿ ಬಿಡಿಸಿ ತೋರಿಸಿದರು: ಮುಂದೆ ಏನು ಬೇಕಾಗುತ್ತದೆ ಎಂದು ಊಹಿಸುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆಯಿತೇ ಎಂದು ಗಮನಿಸುವುದು. ಅವರು ಮಾತಾಡಿಸಿದ ದಂಪತಿಗಳಲ್ಲಿ ತೀರ್ಮಾನಿಸುವಾಗ ಇಬ್ಬರೂ ಇರುತ್ತಿದ್ದರು, ಊಹಿಸುವುದು ಮತ್ತು ಗಮನಿಸುವುದು ಹೆಚ್ಚಾಗಿ ಹೆಂಡತಿಯ ಪಾಲಾಗಿತ್ತು. ನಮ್ಮ ಮನೆಗಳಲ್ಲಿ ಇದು ಹೀಗೆ ಕೇಳಿಸುತ್ತದೆ:

‘ಹೇಳಿದ್ರೆ ನಾನೇ ತರ್ತಿದ್ನಲ್ಲ.’

‘ರೀ, ಕಡ್ಲೆಬೀಜ ಮುಗಿದಿರೋದು ನಿಮಗೂ ಕಾಣ್ಸತ್ತೆ. ಅದನ್ನೂ ನಾನೇ ಹೇಳ್ಬೇಕಾ?’

ಅವಳು ಕೇಳುತ್ತಿರುವುದು ಅಂಗಡಿಗೆ ಹೋಗಿ ಬರುವ ಹತ್ತು ನಿಮಿಷವನ್ನಲ್ಲ, ನೆನಪಿಟ್ಟುಕೊಳ್ಳುವ ಭಾರವನ್ನು ಇಳಿಸುವುದನ್ನು. ಹಾಗಾಗಿ ಹಂಚಿಕೊಳ್ಳುವಾಗ ಕೆಲಸವನ್ನು ತುಂಡು ಮಾಡದೆ ಇಡಿಯಾಗಿ ಕೊಡಬೇಕು. ಈ ಮನೆಯಲ್ಲಿ ‘ಶಾಲೆ’ ಪೂರ್ತಿ ಅಪ್ಪನದು ಎಂದರೆ ಡೈರಿ, ಗುಂಪಿನ ಸಂದೇಶ, ಬುಧವಾರದ ಬಿಳಿ ಬಟ್ಟೆ ಮಂಗಳವಾರ ಒಣಗಿದೆಯೇ ಎಂದು ನೋಡುವುದು, ಶೂ ಚಿಕ್ಕದಾಗಿದೆ ಎಂದು ಗಮನಿಸುವುದು, ವ್ಯಾನಿನವರಿಗೆ ರಜೆ ತಿಳಿಸುವುದು ಎಲ್ಲ ಸೇರಿ. ‘ತಿಂಡಿ ಮತ್ತು ಡಬ್ಬಿ’ ಅಮ್ಮನದಾದರೆ ಸಂಜೆಯ ಸ್ನಾನ ಮತ್ತು ಮಲಗಿಸುವುದು ಅಪ್ಪನ ಪಾಲಿಗೆ ಸೇರಬೇಕು, ಇಲ್ಲದಿದ್ದರೆ ತಕ್ಕಡಿ ಏಳುವುದಿಲ್ಲ. ಹಂಚಿಕೆ ನಿಜವಾಗಿ ಆಗಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ. ಎರಡು ವಾರ ಕಳೆದ ಮೇಲೂ ಒಬ್ಬರು ಇನ್ನೊಬ್ಬರಿಗೆ ನೆನಪಿಸುತ್ತಿದ್ದರೆ ಆ ಕೆಲಸ ಇನ್ನೂ ಕೈ ಬದಲಾಗಿಲ್ಲ. ಕೊಟ್ಟವರೂ ಕೈ ಬಿಡಬೇಕು. ಅಪ್ಪ ಹಾಕಿದ ಜಡೆ ಓರೆಯಾಗಿದೆ ಎಂದು ಬಿಚ್ಚಿ ಮತ್ತೆ ಹೆಣೆದರೆ ನಾಳೆಯಿಂದ ಜಡೆ ಅಮ್ಮನದೇ.

ಇನ್ನು ಕೆಟ್ಟ ದಿನಗಳು. ಅವು ಬಂದೇ ಬರುತ್ತವೆ, ಆದ್ದರಿಂದ ಒಂದೇ ದಿನಚರಿಯನ್ನು ಮೂರು ಅಳತೆಯಲ್ಲಿ ಇಟ್ಟುಕೊಳ್ಳುವುದು ಜಾಣತನ. ಮಾಮೂಲಿ ದಿನಕ್ಕೆ ಮೇಲೆ ಹೇಳಿದ್ದು. ಅಮ್ಮ ಎಂಟೂವರೆಗೆ ಸುಸ್ತಾಗಿ ಬಂದ ದಿನ ಮೊಸರನ್ನ, ಉಪ್ಪಿನಕಾಯಿ, ಹೋಂವರ್ಕು ಅರ್ಧ, ಕುರ್ಚಿಗೆ ಬರೀ ಬ್ಯಾಗು ಮತ್ತು ಶೂ. ದೀಪ ಆರುವ ಹೊತ್ತನ್ನು ಮಾತ್ರ ಅಂದೂ ಬಿಡಬಾರದು, ಅದನ್ನು ಬಿಟ್ಟರೆ ಸುಸ್ತು ನಾಳೆಗೂ ದಾಟುತ್ತದೆ. ಮೂರನೆಯದು ಜ್ವರದ ದಿನ. ಬೆಳಿಗ್ಗೆ ಆರೂವರೆಗೆ ಥರ್ಮಾಮೀಟರ್ ಹಿಡಿದು ‘ಯಾರು ರಜೆ ಹಾಕೋದು’ ಎಂದು ಶುರುವಾಗುವ ಜಗಳಕ್ಕೆ ಸಂಬಳ, ಬಾಸು, ಮೀಟಿಂಗು ಎಲ್ಲ ಎಳೆದು ಬರುತ್ತವೆ. ಅದನ್ನು ತಣ್ಣಗಿರುವಾಗಲೇ ತೀರ್ಮಾನಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು. ಈ ವಾರ ಅಪ್ಪ, ಮುಂದಿನ ವಾರ ಅಮ್ಮ. ಬ್ಯಾಂಕಿನ ತಿಂಗಳ ಕೊನೆ ಅಪ್ಪನದು, ಕಾರ್ಖಾನೆಯ ಆಡಿಟ್ ವಾರ ಅಮ್ಮನದು. ಡೇಕೇರ್ ಜ್ವರದ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು ನೆನಪಿರಲಿ. ಪಕ್ಕದ ಮನೆಯ ಆಂಟಿಯನ್ನು ಎರಡು ಗಂಟೆಗೆ ಒಪ್ಪಿಸಬಹುದು, ಇಡೀ ದಿನಕ್ಕೆ ಕೇಳುವುದು ಕಷ್ಟ.

ಇವೆಲ್ಲ ಮನೆಯೊಳಗಿನ ಉಪಾಯಗಳು, ಇವುಗಳಿಗೆ ಮಿತಿ ಇದೆ. ಸಂಜೆ ಆರೂವರೆಗೆ ಮೀಟಿಂಗ್ ಇಡುವ ಕಚೇರಿಯ ಮುಂದೆ ಯಾವ ಗಂಟೂ ನಿಲ್ಲುವುದಿಲ್ಲ. ಅಲ್ಲಿ ಕೇಳಬೇಕಾದದ್ದನ್ನು ಕೇಳಬೇಕು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ, ಗೊತ್ತಿದ್ದವರೂ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗುತ್ತಾರೆ. ಒಬ್ಬರೇ ಕೇಳುವ ಬದಲು ಮಕ್ಕಳಿರುವ ನಾಲ್ಕೈದು ಸಹೋದ್ಯೋಗಿಗಳು ಸೇರಿ ಇಮೇಲ್ ಬರೆದರೆ ಉತ್ತರ ಕೊಡದಿರುವುದು ಕಷ್ಟವಾಗುತ್ತದೆ.

ಭಾನುವಾರ ಅಕ್ಕಿ ಉದ್ದು ನೆನೆಹಾಕುವ ಹೊತ್ತಿಗೆ ಇಬ್ಬರೂ ಹತ್ತು ನಿಮಿಷ ಕೂತು ಹೋದ ವಾರ ಎಲ್ಲಿ ಕೂಗಾಟವಾಯಿತು ಎಂದು ನೋಡಿಕೊಳ್ಳಬಹುದು. ಎರಡು ವಾರ ಒಂದೇ ಜಾಗದಲ್ಲಿ ಆಗುತ್ತಿದ್ದರೆ ಆ ಗಂಟನ್ನು ಬಿಚ್ಚಿ ಬೇರೆ ಕಡೆ ಕಟ್ಟಬೇಕು. ಮಗಳು ಊಟದ ಮೇಲೆ ತೂಕಡಿಸುತ್ತಾಳೆಂದರೆ ಬ್ಯಾಗಿನ ಕೆಲಸವನ್ನು ಸಂಜೆಯ ಸ್ನಾನದ ಹಿಂದೆ ಇಡಬಹುದು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದಾಗ ವ್ಯಾನಿನ ರೂಟು ಬದಲಾಗುತ್ತದೆ. ಈ ಸಲ 7:25ಕ್ಕೇ ಬರುತ್ತೇನೆಂದು ಚಾಲಕ ಫೋನ್ ಮಾಡಿದರೆ ಮತ್ತೆ ಮೂರು ದಿನ ಮೊಬೈಲ್ ಹಿಡಿದು ನಿಮಿಷ ಬರೆದುಕೊಂಡು, 7:20ರಿಂದ ಹಿಂದಕ್ಕೆ ಎಣಿಸಲು ಶುರುಮಾಡಬೇಕು.